"ಚೆನ್ನಾಗಿತ್ತು, ಸ್ವಲ್ಪ ಕಾನ್ಫಿಡೆನ್ಸ್ ಬೇಕು" ಅಂದರೆ ಅವನಿಗೆ ಏನು ತಿಳಿಯಿತು?

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ನಮ್ಮೂರ ಕಡೆಯ ಜೂನಿಯರ್ ಹುಡುಗನೊಬ್ಬ ನಮ್ಮ ಫ್ಲ್ಯಾಟಿನಲ್ಲೇ ಇದ್ದುಕೊಂಡು ಕೆಲಸ ಹುಡುಕ್ತಿದ್ದಾನೆ. ಹೋದ ಭಾನುವಾರ ಅವನಿಗೆ ಒಂದು ಕೋಡಿಂಗ್ ಮಾಕ್ ಇಂಟರ್‌ವ್ಯೂ ಮಾಡಿದೆ. ಮುಗಿದ ಮೇಲೆ "ಹೆಂಗಾತು ಅಣ್ಣಾ?" ಅಂತ ಕೇಳಿದ. "ಚೆನ್ನಾಗಿತ್ತು, ಸ್ವಲ್ಪ ಕಾನ್ಫಿಡೆನ್ಸ್ ಬೇಕು, ಕಮ್ಯುನಿಕೇಶನ್ ಸುಧಾರಿಸ್ಕೋ" ಅಂದೆ. ಬುಧವಾರ ನಿಜವಾದ ಇಂಟರ್‌ವ್ಯೂನಲ್ಲಿ ಮೊದಲ ಸುತ್ತಲ್ಲೇ ಹೊರಬಿದ್ದ. ಈಗ ಇನ್ನೊಂದು ಇಂಟರ್‌ವ್ಯೂ ಬಂದಿದೆ, ಹತ್ತು ದಿನ ಇದೆ. ಮನಸ್ಸಿಗೆ ನೋವಾಗದ ಹಾಗೆ, ಆದರೆ ಉಪಯೋಗಕ್ಕೆ ಬರೋ ಹಾಗೆ ಏನು ಹೇಳಬೇಕು, ಹೇಗೆ ಹೇಳಬೇಕು?

ಉತ್ತರ: ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮಾತು ಇಟ್ಟುಕೊಂಡು ಹುಡುಗ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡಬೇಕಿತ್ತು? ಕನ್ನಡಿ ಮುಂದೆ ನಿಂತು ಎದೆ ಉಬ್ಬಿಸಬೇಕಿತ್ತಾ?

ನಿಮ್ಮ ಕಣ್ಣಿಗೆ ಆವತ್ತು ಏನೋ ಒಂದು ಕಂಡಿರುತ್ತೆ. ಅವನು ಐದು ನಿಮಿಷ ಸುಮ್ನೆ ಕೂತಿರಬಹುದು. "ಐ ಥಿಂಕ್, ಮೇ ಬಿ" ಅಂತ ಎಳೆದಿರಬಹುದು. ಸರಿಯಾಗಿ ಬರೆದ ಸಾಲನ್ನೇ ಎರಡು ಸಲ ಅಳಿಸಿರಬಹುದು. ಅದನ್ನೆಲ್ಲ ಒಟ್ಟು ಮಾಡಿ ನೀವು ಕಾನ್ಫಿಡೆನ್ಸ್ ಅಂತ ಒಂದು ಹೆಸರಿಟ್ಟು ಕೊಟ್ಟಿರಿ. ಕಂಡಿದ್ದು ನಿಮ್ಮ ಹತ್ತಿರವೇ ಉಳಿಯಿತು, ಹೆಸರು ಮಾತ್ರ ಅವನಿಗೆ ಸಿಕ್ಕಿತು. ಇಷ್ಟು ದಿನ ಆದ ಮೇಲೆ ಈಗ ನೆನಪು ಮಾಡಿಕೊಳ್ಳಿ ಅಂದರೆ ನಿಮಗೂ ಆಗಲ್ಲ. ಆದ್ದರಿಂದ ಹಳೆಯದನ್ನು ಬಿಡಿ, ಇನ್ನೊಂದು ಮಾಕ್ ಮಾಡಿ. ಈ ಸಲ ಕೈಯಲ್ಲಿ ಪೆನ್ನಿರಲಿ.

ಫೀಡ್‌ಬ್ಯಾಕ್ ಚೆನ್ನಾಗಿ ಬರುವುದೋ ಇಲ್ಲವೋ ಅನ್ನುವುದು ಇಂಟರ್‌ವ್ಯೂ ನಡೆಯುವಾಗಲೇ ತೀರ್ಮಾನ ಆಗಿಬಿಡುತ್ತೆ. ನಾನು ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ ಎರಡು ಭಾಗ ಮಾಡಿಕೊಳ್ಳುತ್ತೇನೆ. ಎಡಕ್ಕೆ ಎಷ್ಟನೇ ನಿಮಿಷ, ಅವನು ಏನು ಮಾಡಿದ, ಏನು ಅಂದ. ಅವನ ಬಾಯಿಂದ ಬಂದ ಹಾಗೇ ಬರೆಯುತ್ತೇನೆ. ಬಲಭಾಗ ಖಾಲಿ. ನನ್ನ ಅಭಿಪ್ರಾಯ ಏನಿದ್ದರೂ ಮುಗಿದ ಮೇಲೆ ಅಲ್ಲಿಗೆ. ಇದು ನನ್ನ ಸ್ವಂತ ಕಂಡುಹಿಡಿತವೇನಲ್ಲ. ಕಂಪನಿಗಳಲ್ಲಿ ಇಂಟರ್‌ವ್ಯೂ ಮಾಡುವವರು ಮುಗಿದ ಮೇಲೆ ಒಂದು ವರದಿ ಬರೆಯಬೇಕಾಗುತ್ತೆ: ಏನು ಕೇಳಿದೆ, ಏನು ಉತ್ತರ ಬಂತು, ತಗೋಬೇಕಾ ಬೇಡವಾ, ಯಾಕೆ. ಆ "ಯಾಕೆ" ಅನ್ನೋ ಜಾಗದಲ್ಲಿ ಕಾಣಿಸಿದ್ದು, ಕೇಳಿಸಿದ್ದು ಬಿಟ್ಟು ಬೇರೆ ಬರೆಯೋಕೆ ಏನೂ ಇರಲ್ಲ. ಹುಡುಗನ ತಲೆಯಲ್ಲಿ ಎಷ್ಟು ಚೆನ್ನಾಗಿ ಓಡುತ್ತಿದ್ದರೂ ಹೊರಗೆ ಬಂದಿಲ್ಲ ಅಂದರೆ ವರದಿಗೆ ಅದು ಇಲ್ಲವೇ ಇಲ್ಲ.

ಇನ್ನೊಂದು ಅಂಕಣ ಬೇಕಾದರೆ ಸೇರಿಸಿ: ಸುಳಿವು. ನೀವು ಕೊಟ್ಟ ಪ್ರತಿ ಸುಳಿವಿಗೂ ಒಂದು ಗೀಟು. ಗೆಳೆಯರು ಮಾಡುವ ಮಾಕ್ ಕೆಡುವುದು ಇಲ್ಲೇ. ಅವನು ಸರಿದಾರಿಗೆ ಬಂದಾಗ ನಿಮ್ಮ ತಲೆ ತಾನಾಗಿ ಆಡುತ್ತೆ, ತಪ್ಪಿದಾಗ ಹುಬ್ಬು ಗಂಟಾಗುತ್ತೆ. ಒಂದೇ ಮನೆಯಲ್ಲಿ ಇರುವವನು, ನಿಮ್ಮ ಮುಖ ಓದೋಕೆ ಅವನಿಗೆ ಕಷ್ಟವೇ? "ಹಾಂ, ಹಾಂ" ಅಂದಿದ್ದೂ ಒಂದು ಸುಳಿವು. ಗೀಟು ಹಾಕೋಕೆ ಶುರು ಮಾಡಿದರೆ ನಲವತ್ತೈದು ನಿಮಿಷದಲ್ಲಿ ಎಷ್ಟು ಸಲ ಕೈ ಹಿಡಿದು ನಡೆಸಿದ್ದೀರಿ ಅನ್ನುವುದು ನಿಮಗೇ ಗೊತ್ತಾಗುತ್ತೆ. ನಾನಂತೂ ಈಗ ಬೇರೆ ಕೋಣೆಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲೇ ಮಾಡುತ್ತೇನೆ, ಕ್ಯಾಮೆರಾ ಒಂದೊಂದು ಸಲ ಆಫ್.

ಒಂದು ಉದಾಹರಣೆ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ವಿಜಯಪುರದ ಕಡೆಯ ಒಬ್ಬ ಹುಡುಗನಿಗೆ ಮಾಕ್ ಮಾಡಿದ್ದೆ. ಎರಡು ವರ್ಷ ಟೆಸ್ಟಿಂಗ್‌ನಲ್ಲಿದ್ದವನು, ಡೆವಲಪರ್ ಆಗಬೇಕು ಅಂತ ಹೊರಟಿದ್ದ. ಶನಿವಾರ ಸಂಜೆ, ಹಿಂಜವಡಿ ರಸ್ತೆ ಪೂರ್ತಿ ನಿಂತುಬಿಟ್ಟಿತ್ತು, ಅವನು ಒದ್ದೆಯಾಗಿ ಬಂದ. ತಲೆ ಒರೆಸಿಕೊಂಡು ಕೂತ ಮೇಲೆ ನಾನು ಕೇಳಿದ್ದು ಎಲ್ಲರೂ ಕೇಳುವ ಒಂದು ಸಾಮಾನ್ಯ ಲೆಕ್ಕ. ಒಂದಷ್ಟು ಮೀಟಿಂಗ್‌ಗಳ ಶುರು ಮತ್ತು ಕೊನೆಯ ಸಮಯ ಕೊಟ್ಟಿದೆ. ಒಂದರ ಮೇಲೊಂದು ಬಿದ್ದಿರುವುದನ್ನು ಸೇರಿಸಿ ಒಂದೇ ಮಾಡಬೇಕು. 1ರಿಂದ 3, 2ರಿಂದ 6 ಇದ್ದರೆ 1ರಿಂದ 6.

ನನ್ನ ಹಾಳೆಯ ಎಡಭಾಗ ಹೀಗಿತ್ತು. 1ನೇ ನಿಮಿಷ: ಏನೂ ಕೇಳದೆ ಟೈಪ್ ಮಾಡಲು ಶುರು. 3ರಿಂದ 10: ಮಾತಿಲ್ಲ. 10: "ಸಾರ್ಟ್ ಮಾಡಬೇಕು ಸರ್". 11ರಿಂದ 19: ಕೋಡ್. 19: ನಾನು ಕೊಟ್ಟ ಉದಾಹರಣೆಯನ್ನೇ ಹಾಕಿ ಓಡಿಸಿ "ಡನ್ ಸರ್". 20: "ಬೇರೆ ಏನಾದರೂ ಟೆಸ್ಟ್ ಮಾಡ್ತೀಯಾ?" ಅಂತ ನಾನು. ಗೀಟು ಒಂದು. "ಇಲ್ಲ ಸರ್, ಸರಿ ಇದೆ." 22: ಒಂದು ಮೀಟಿಂಗ್ ಇನ್ನೊಂದರ ಒಳಗೇ ಇದ್ದರೆ ಅಂತ ನಾನು. ಗೀಟು ಎರಡು. 29: ತಪ್ಪು ಸಿಕ್ಕಿತು.

ಅವನ ಕೋಡ್ ಇದು:

```python
def merge(a):
    a.sort()
    res = [a[0]]
    for s, e in a[1:]:
        if s <= res[-1][1]:
            res[-1][1] = e
        else:
            res.append([s, e])
    return res
```

ನಾನು ಕೊಟ್ಟ ಉದಾಹರಣೆ `[[1,3],[2,6],[8,10]]`. ಇದಕ್ಕೆ ಸರಿಯಾದ ಉತ್ತರವೇ ಬರುತ್ತೆ, ಆದ್ದರಿಂದಲೇ ಅವನು ಮೋಸ ಹೋದ. `[[1,9],[2,4],[6,8]]` ಹಾಕಿ ನೋಡಿ. ದೊಡ್ಡ ಮೀಟಿಂಗ್ 9ರ ತನಕ ಇದೆ, ಉಳಿದ ಎರಡೂ ಅದರ ಹೊಟ್ಟೆಯೊಳಗೇ ಇವೆ. ಉತ್ತರ `[[1,9]]` ಬರಬೇಕು. ಇವನ ಕೋಡ್ ಎರಡನೆಯದರ ಕೊನೆಯನ್ನು ಕಣ್ಣುಮುಚ್ಚಿ ನಕಲು ಮಾಡಿಕೊಳ್ಳುತ್ತೆ, 9 ಹೋಗಿ 4 ಆಗುತ್ತೆ, ಆಮೇಲೆ ಮೂರನೆಯದು ಬೇರೆ ಮೀಟಿಂಗ್ ಥರ ಕಂಡು `[[1,4],[6,8]]` ಬರುತ್ತೆ. ಸರಿಮಾಡೋಕೆ ಒಂದೇ ಸಾಲು: `res[-1][1] = max(res[-1][1], e)`. ಪಟ್ಟಿ ಖಾಲಿ ಬಂದರೆ `a[0]` ಹತ್ತಿರವೇ ಕೋಡ್ ಬಿದ್ದುಹೋಗುತ್ತೆ ಅನ್ನೋದು ಇನ್ನೊಂದು.

ಮುಗಿದ ತಕ್ಷಣ ನಾನು ಏನೂ ಹೇಳಲಿಲ್ಲ. ಕೆಳಗಿನ ಅಮೃತತುಲ್ಯಕ್ಕೆ ಕರೆದುಕೊಂಡು ಹೋಗಿ ಚಹಾ ಹೇಳಿದೆ. ಇಂಟರ್‌ವ್ಯೂ ಮುಗಿದ ಮರುಕ್ಷಣ ಯಾರ ಕಿವಿಯೂ ತೆರೆದಿರಲ್ಲ, ತಲೆಯಲ್ಲಿ ಇನ್ನೂ ಆ ಲೆಕ್ಕವೇ ತಿರುಗುತ್ತಿರುತ್ತೆ. ಅರ್ಧ ಲೋಟ ಆದ ಮೇಲೆ ಕೇಳಿದೆ: "ನಿನಗೆ ಎಲ್ಲಿ ಜಾರಿತು ಅನ್ನಿಸ್ತು?"

ಈ ಪ್ರಶ್ನೆ ಮರ್ಯಾದೆಗೆ ಕೇಳೋದಲ್ಲ. ಅವನ ಲೆಕ್ಕಕ್ಕೂ ನಿಮ್ಮ ಹಾಳೆಗೂ ಎಷ್ಟು ದೂರ ಇದೆ ಅಂತ ನೋಡೋಕೆ. ಅವನು "ಇಂಗ್ಲಿಷ್ ಬರಂಗಿಲ್ಲಣ್ಣ, ಅದಕ್ಕ ಹೋತು" ಅಂದ. ನನ್ನ ಹಾಳೆಯಲ್ಲಿ ಇಂಗ್ಲಿಷಿನ ಬಗ್ಗೆ ಒಂದಕ್ಷರ ಇರಲಿಲ್ಲ. ಇದ್ದಿದ್ದು ಏಳು ನಿಮಿಷದ ಮೌನ ಮತ್ತು "ಡನ್ ಸರ್". ಅಂದರೆ ಇವನು ಮನೆಗೆ ಹೋಗಿ ಮುಂದಿನ ಹತ್ತು ದಿನ ವ್ಯಾಕರಣ ಓದುತ್ತಾ ಕೂರುತ್ತಿದ್ದ. ನಾನೂ "ಕಮ್ಯುನಿಕೇಶನ್ ಸುಧಾರಿಸ್ಕೋ" ಅಂದಿದ್ದರೆ ಅದಕ್ಕೆ ಮುದ್ರೆ ಒತ್ತಿದ ಹಾಗೆ ಆಗ್ತಿತ್ತು. ನಿಮ್ಮ ಹುಡುಗನಿಗೂ ಆ ಮಾತು ಹೀಗೇ ಕೇಳಿಸಿರಬಹುದು ಅಂತ ನನ್ನ ಅನುಮಾನ. ನಮ್ಮ ಕಡೆಯ ಕನ್ನಡ ಮೀಡಿಯಂ ಹುಡುಗರಿಗೆ ಕಮ್ಯುನಿಕೇಶನ್ ಅಂದರೆ ಇಂಗ್ಲಿಷ್ ಅಂತಲೇ ಅರ್ಥ.

ಇನ್ನು ಮೌನದ ವಿಚಾರ. ಇಲ್ಲೇ ಸ್ವಲ್ಪ ನಿಂತು ಪತ್ತೆ ಮಾಡಬೇಕು. ಒಬ್ಬ ಸುಮ್ಮನಿದ್ದ ಅಂದರೆ ಮೂರು ಕಾರಣ ಇರಬಹುದು. ಉತ್ತರವೇ ಗೊತ್ತಿಲ್ಲ. ಗೊತ್ತಿದೆ, ಯೋಚಿಸುವಾಗ ಮಾತಾಡುವ ಅಭ್ಯಾಸ ಇಲ್ಲ. ಇಲ್ಲವೇ ಗೊತ್ತಿದೆ, ಹೇಳಬೇಕು ಅಂತಲೂ ಇದೆ, ಆದರೆ ಕನ್ನಡದಲ್ಲಿ ಹೊಳೆದಿದ್ದನ್ನು ಇಂಗ್ಲಿಷ್ ವಾಕ್ಯ ಮಾಡಿಕೊಳ್ಳುವಷ್ಟರಲ್ಲಿ ಹೊತ್ತು ಹೋಗುತ್ತೆ. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತೆ. ಔಷಧಿ ಮಾತ್ರ ಮೂರಕ್ಕೂ ಬೇರೆ. ಮೊದಲನೆಯವನು ಲೆಕ್ಕ ಮಾಡಬೇಕು, ಎರಡನೆಯವನು ಬಾಯಿ ಬಿಟ್ಟು ಲೆಕ್ಕ ಮಾಡಬೇಕು, ಮೂರನೆಯವನಿಗೆ ಹದಿನೈದು ಇಪ್ಪತ್ತು ಸಿದ್ಧ ವಾಕ್ಯ ಬೇಕು.

ಪತ್ತೆ ಮಾಡೋದು ಸುಲಭ. ಗಡಿಯಾರ ನಿಲ್ಲಿಸಿ, "ಆ ಏಳು ನಿಮಿಷ ತಲೆಯಲ್ಲಿ ಏನು ಓಡ್ತಿತ್ತು, ಕನ್ನಡದಲ್ಲೇ ಹೇಳು" ಅನ್ನಿ. ನಮ್ಮ ಹುಡುಗ ಚಹಾದಂಗಡಿಯ ಕಲ್ಲಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ. "ಮೊದಲ ಎಲ್ಲಾ ಜೋಡೀನೂ ಒಂದಕ್ಕೊಂದು ಹೋಲಿಸಿ ನೋಡೋಣು ಅನ್ಕೊಂಡೆ. ಸಾವಿರ ಇದ್ರ ಸಾವಿರ ಸಲ ಸಾವಿರ ಆಗ್ತೈತಿ. ಶುರುವಿನ ಟೈಮಿನ ಮ್ಯಾಲೆ ಸಾಲಾಗಿ ನಿಲ್ಲಿಸಿದ್ರ ಬರೀ ಹಿಂದಿನ ಒಂದನ್ನ ನೋಡಿದ್ರ ಸಾಕು ಅನಿಸ್ತು." ನಾನು ಲೋಟ ಕೆಳಗಿಟ್ಟೆ. ಇಂಟರ್‌ವ್ಯೂನಲ್ಲಿ ಇಷ್ಟು ಹೇಳಿದ್ದರೆ ಸಾಕಿತ್ತು! ಮೊದಲ ದಾರಿ ಯಾವುದು, ಅದು ಯಾಕೆ ನಿಧಾನ, ಎರಡನೆಯದು ಯಾಕೆ ಬೇಗ, ಎಲ್ಲ ಅದರಲ್ಲಿತ್ತು. ಅವನು ಮೂರನೆಯ ಗುಂಪಿನವನು, ಸ್ವಲ್ಪ ಎರಡನೆಯದೂ ಇತ್ತು. ಇಂಗ್ಲಿಷ್ ಕಾರಣ ಅಂತ ಅವನು ಅಂದಿದ್ದು ಪೂರ್ತಿ ತಪ್ಪಲ್ಲ, ಹಾಗಂತ ವ್ಯಾಕರಣದಿಂದ ಅದು ಸರಿಹೋಗುವಂಥದ್ದೂ ಅಲ್ಲ. ಕನ್ನಡದಲ್ಲಿ ಕೇಳಿದಾಗಲೂ ತಡವರಿಸಿದರೆ ಮಾತ್ರ ಲೆಕ್ಕವೇ ಬರಲ್ಲ ಅಂತ ತಿಳಿಯಬೇಕು. ಅಂಥವನಿಗೆ ಮಾತಾಡೋಕೆ ಕಲಿಸಿ ಉಪಯೋಗ ಇಲ್ಲ.

ಆಮೇಲೆ ಅವನು ಕೇಳಿಯೇ ಕೇಳುತ್ತಾನೆ: "ಪಾಸಾಗ್ತಿದ್ನೇನಣ್ಣ?" ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅದಕ್ಕೆ ಉತ್ತರ ಸಿಗುವ ತನಕ ನೀವು ಹೇಳುವ ಬೇರೆ ಯಾವುದೂ ಒಳಗೆ ಇಳಿಯಲ್ಲ. ನಾನು "ಇವತ್ತಿನ ಹಾಗೆ ಆದರೆ ಇಲ್ಲ. ಕಾರಣ ಎರಡೇ, ಎರಡೂ ಹತ್ತು ದಿನದಲ್ಲಿ ಆಗೋವಂಥವು" ಅಂದೆ. ಅವನ ಮುಖ ಸ್ವಲ್ಪ ಇಳಿಯಿತು, ನಿಜ. ಆದರೆ ಎರಡೇ ಅಂದಾಗ ಕುತ್ತಿಗೆ ಮುಂದೆ ಚಾಚಿ ಕೂತ. ಒಂದು ಎಚ್ಚರಿಕೆ: ಮೊದಲ ಗುಂಪಿನವನಿಗೆ, ಅಂದರೆ ಲೆಕ್ಕವೇ ಬಾರದವನಿಗೆ, ಹತ್ತು ದಿನ ಅಂತ ಸುಳ್ಳು ಹೇಳಬೇಡಿ. ಅವನಿಗೆ ಎರಡು ಮೂರು ತಿಂಗಳು ಬೇಕಾಗಬಹುದು. ಈ ಸಲದ ಇಂಟರ್‌ವ್ಯೂ ಮುಂದಕ್ಕೆ ಹಾಕೋಕೆ ಆಗುತ್ತಾ ಕೇಳು ಅಂತ ಹೇಳಿ.

ಎರಡೇ ಯಾಕೆ? ಹಿಂದೆ ನಾನೇ ಒಂದು ಎಡವಟ್ಟು ಮಾಡಿದ್ದೆ. ಅಕ್ಕನ ಕಡೆಯ ಸಂಬಂಧಿಕರ ಹುಡುಗಿಗೆ ಮಾಕ್ ಮಾಡಿ, ರಾತ್ರಿ ಕೂತು ಹದಿನಾಲ್ಕು ಅಂಶಗಳ ವಾಟ್ಸಾಪ್ ಮೆಸೇಜ್ ಕಳಿಸಿದ್ದೆ. ಬಹಳ ಮುತುವರ್ಜಿಯಿಂದ ಬರೆದಿದ್ದೆ, ನನಗೇ ಹೆಮ್ಮೆ. "ಥ್ಯಾಂಕ್ಸ್ ಮಾಮಾ" ಅಂತ ಒಂದು ಉತ್ತರ ಬಂತು. ಮುಂದಿನ ಮಾಕ್‌ಗೆ ಅವಳು ಬರಲೇ ಇಲ್ಲ. ವೇರಿಯಬಲ್ ಹೆಸರು ಚಿಕ್ಕದಾಗಿದೆ ಅನ್ನೋದೂ, ಸಮಸ್ಯೆಯನ್ನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದವು. ಯಾವುದು ಮುಳುಗಿಸಿತು, ಯಾವುದು ಬರೀ ಗೀರು, ಅವಳಿಗೆ ಹೇಗೆ ಗೊತ್ತಾಗಬೇಕು?

ಈಗ ಹಾಳೆಯ ಬಲಭಾಗದಲ್ಲಿ ಆಯ್ಕೆ ಮಾಡುತ್ತೇನೆ. ಎಡಭಾಗದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದೊಂದು ಇಲ್ಲದೆ ಹೋಗಿದ್ದರೆ ವರದಿಯ ತೀರ್ಮಾನ ಬದಲಾಗ್ತಿತ್ತಾ? ವಿಜಯಪುರದ ಹುಡುಗನಲ್ಲಿ ಹಾಗೆ ಬದಲಿಸುವಂಥವು ಮೌನ ಮತ್ತು ಟೆಸ್ಟ್ ಮಾಡದೆ "ಡನ್" ಅಂದಿದ್ದು. ಶುರುವಿನಲ್ಲಿ ಪ್ರಶ್ನೆ ಕೇಳದಿದ್ದದ್ದು ಮೂರನೆಯದು. 10ಕ್ಕೆ ಮುಗಿಯುವ ಮೀಟಿಂಗ್, 10ಕ್ಕೆ ಶುರುವಾಗುವ ಮೀಟಿಂಗ್ ಸೇರಿಸಬೇಕಾ ಬೇಡವಾ ಅಂತ ಅವನು ಕೇಳಬೇಕಿತ್ತು. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆ. ಖಾಲಿ ಪಟ್ಟಿಯ ವಿಷಯ ಎರಡನೆಯದರ ಜೊತೆ ತಾನೇ ಬಂತು.

ಹೇಳುವ ವಾಕ್ಯಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಎಷ್ಟನೇ ನಿಮಿಷ, ಏನಾಯ್ತು, ಎದುರು ಕೂತವನಿಗೆ ಏನು ಅನ್ನಿಸುತ್ತೆ, ಅದರ ಬದಲು ಬಾಯಲ್ಲಿ ಏನು ಬರಬೇಕಿತ್ತು. "ನೀನು ಟೆಸ್ಟ್ ಮಾಡಲ್ಲ" ಅಂದರೆ ಅವನ ಸ್ವಭಾವದ ಮೇಲೆ ತೀರ್ಪು ಕೊಟ್ಟಂತೆ. ಅದರಲ್ಲೂ ಎರಡು ವರ್ಷ ಟೆಸ್ಟಿಂಗ್ ಮಾಡಿದವನಿಗೆ! ನಾನು ಹೇಳಿದ್ದು ಹೀಗೆ: "ಹತ್ತೊಂಬತ್ತನೇ ನಿಮಿಷಕ್ಕೆ ನಾನು ಕೊಟ್ಟ ಉದಾಹರಣೆ ಒಂದನ್ನೇ ಓಡಿಸಿ ಡನ್ ಅಂದೆ. ಇಪ್ಪತ್ತಕ್ಕೆ ನಾನು ಕೇಳಿದರೂ ಸರಿ ಇದೆ ಅಂದೆ. ತಪ್ಪನ್ನ ನಾನು ತೋರಿಸಿದೆ, ನೀನು ಹಿಡಿಯಲಿಲ್ಲ ಅಂತ ವರದಿಯಲ್ಲಿ ಬರುತ್ತೆ. ಡನ್ ಅನ್ನೋ ಜಾಗದಲ್ಲಿ 'ಕೋಡ್ ಆಯ್ತು, ಈಗ ಇದನ್ನ ಮುರಿಯೋಕೆ ನೋಡ್ತೀನಿ' ಅಂತ ಇಂಗ್ಲಿಷಿನಲ್ಲಿ ಹೇಳು. ಆಮೇಲೆ ಮೂರು ಹಾಕು: ಖಾಲಿ, ಒಂದೇ ಒಂದು, ಒಂದರೊಳಗೊಂದು." ಅವನು ತಕ್ಷಣ ನಕ್ಕ. "ಇದು ನಾ ದಿನಾ ಆಫೀಸ್‌ನ್ಯಾಗ ಮಾಡೋದ ಅಲ್ಲಣ್ಣ!" ಹೌದು, ಆಫೀಸಿನಲ್ಲಿ ಬೇರೆಯವರ ಕೋಡ್ ಮುರಿಯುತ್ತಿದ್ದ, ಇಲ್ಲಿ ತನ್ನದನ್ನು ಮುರಿಯಬೇಕು ಅಂತ ಹೊಳೆದಿರಲಿಲ್ಲ ಅಷ್ಟೇ.

ಚೆನ್ನಾಗಿ ಮಾಡಿದ್ದನ್ನೂ ಇದೇ ರೀತಿ ಹೇಳಿ. "ಒಳ್ಳೇ ಪ್ರಯತ್ನ" ಅಂದರೆ ಗಾಳಿಗೆ ಹೋಗುತ್ತೆ. "ಇಪ್ಪತ್ತೆರಡನೇ ನಿಮಿಷದಲ್ಲಿ ಸುಳಿವು ಕೊಟ್ಟಾಗ ನೀನು ವಾದ ಮಾಡಲಿಲ್ಲ, ಪೆನ್ನು ತಗೊಂಡು ಒಂದೊಂದೇ ಸಾಲು ಓಡಿಸಿ ನೋಡಿದೆ, ಅದನ್ನ ಹಾಗೇ ಇಟ್ಕೋ" ಅಂದರೆ ಮುಂದಿನ ಸಲವೂ ಅದನ್ನೇ ಮಾಡುತ್ತಾನೆ. ಹೇಳದೆ ಬಿಟ್ಟರೆ, ಬೇರೆ ಏನೋ ತಿದ್ದಲು ಹೋಗಿ ಇದನ್ನೇ ಕಳೆದುಕೊಂಡರೂ ಕಳೆದುಕೊಂಡ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಅನುಭವದಲ್ಲಿ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತೆ. ಮೇಲೆ ಬಂದು ಅದೇ ಲೆಕ್ಕವನ್ನು ಅವನಿಂದ ಮತ್ತೆ ಮಾಡಿಸಿದೆ. ಪೂರ್ತಿ ಬೇಡ, ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ. ಉತ್ತರ ಗೊತ್ತಿರುವುದರಿಂದ ಭಾರ ಇರಲ್ಲ, ಬಾಯಿಗಷ್ಟೇ ಅಭ್ಯಾಸ. ಮೊದಲು ಕನ್ನಡದಲ್ಲಿ ಹೇಳಿಸಿದೆ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಸಿಕ್ಕಿಹಾಕಿಕೊಂಡ ಕಡೆಗಳಲ್ಲಿ ಸಣ್ಣ ವಾಕ್ಯ ಬರೆದುಕೊಟ್ಟೆ: ಸುಲಭದ ದಾರಿ ಇದು, ನಿಧಾನ ಆಗುತ್ತೆ, ಯಾಕೆಂದರೆ ಹೀಗೆ, ಒಂದು ನಿಮಿಷ ಯೋಚಿಸಬಹುದಾ. ಈ ಕೊನೆಯದು ಸಣ್ಣದು ಅನ್ನಿಸಬಹುದು. ಆದರೆ ಹೇಳಿ ಸುಮ್ಮನಾಗೋದಕ್ಕೂ ಹೇಳದೆ ಸುಮ್ಮನಾಗೋದಕ್ಕೂ ವರದಿಯಲ್ಲಿ ಬಹಳ ವ್ಯತ್ಯಾಸ.

ಮೂರು ದಿನ ಬಿಟ್ಟು ಬೇರೆ ಲೆಕ್ಕ ಕೊಟ್ಟೆ. ಅದೇ ಲೆಕ್ಕ ಕೊಟ್ಟರೆ ನೆನಪು ಪರೀಕ್ಷೆ ಮಾಡಿದ ಹಾಗೆ ಆಗುತ್ತೆ. ಹಾಳೆಯಲ್ಲಿ ಎರಡನ್ನೇ ನೋಡಿದೆ: ಅತಿ ಉದ್ದದ ಮೌನ ಎಷ್ಟು, ನಾನು ಬಾಯಿ ಬಿಡುವ ಮೊದಲೇ ಟೆಸ್ಟ್ ಹಾಕಿದನಾ. ಏಳು ನಿಮಿಷ ಇದ್ದ ಮೌನ ಎರಡೂವರೆಗೆ ಬಂದಿತ್ತು. ಟೆಸ್ಟ್ ತಾನೇ ಹಾಕಿದ, ಖಾಲಿ ಪಟ್ಟಿಯಲ್ಲಿ ತನ್ನ ಕೋಡ್ ಬಿದ್ದಿದ್ದನ್ನೂ ತಾನೇ ಹಿಡಿದ. ಲೆಕ್ಕ ಮಾತ್ರ ಪೂರ್ತಿ ಮುಗಿಯಲಿಲ್ಲ, ಮಾತಾಡುತ್ತಾ ಮಾಡುವಾಗ ಶುರುವಿನಲ್ಲಿ ವೇಗ ಕಡಿಮೆ ಆಗುತ್ತೆ. ಇದನ್ನು ಅವನಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ "ಮೊದಲಿನದ ಬೇಸಿತ್ತು" ಅಂತ ಹಳೇ ದಾರಿಗೆ ವಾಪಸ್ ಹೋಗುತ್ತಾನೆ.

ನೋವಾಗದ ಹಾಗೆ ಅಂತ ಕೇಳಿದ್ದೀರಿ. ನಿಮಿಷ ಹಿಡಿದು ಮಾತಾಡಿದರೆ ಅರ್ಧ ನೋವು ಅಲ್ಲೇ ಕಡಿಮೆ ಆಗುತ್ತೆ, ಯಾಕೆಂದರೆ ಮಾತು ಆ ನಿಮಿಷದ ಮೇಲೆ ಇರುತ್ತೆ. ಇನ್ನೊಂದು, ಫ್ಲ್ಯಾಟಿನ ಉಳಿದ ಹುಡುಗರ ಮುಂದೆ ಹೇಳಬೇಡಿ. ಊಟಕ್ಕೆ ಕೂತಾಗ "ಇವನು ಏಳು ನಿಮಿಷ ಮೂಕ ಆಗಿಬಿಟ್ಟಿದ್ದ" ಅಂತ ತಮಾಷೆಗೂ ಬೇಡ. ಒಂದೇ ಸೂರಿನಡಿ ಇರುವವನಿಗೆ ಆ ಮಾತಿನಿಂದ ಓಡಿಹೋಗೋಕೆ ಜಾಗ ಇರಲ್ಲ.

ನಿಮಗೆ ಹತ್ತು ದಿನ ಇದೆಯಲ್ಲ, ಈ ಶನಿವಾರ ಒಂದು ಮಾಕ್, ಮಂಗಳವಾರ ಇನ್ನೊಂದು ಮಾಡಿ. ಕೊನೆಯ ಎರಡು ದಿನ ಮಾಕ್ ಬೇಡ. ಇಂಟರ್‌ವ್ಯೂ ಹಿಂದಿನ ರಾತ್ರಿ ಅವನು ಬಂದು "ಮತ್ತೇನಾದ್ರೂ ಹೇಳಣ್ಣ" ಅಂದರೆ ಹೊಸದು ಯಾವುದನ್ನೂ ತೆಗೆಯಬೇಡಿ. ಡನ್ ಅನ್ನೋ ಮೊದಲು ಮೂರು ಟೆಸ್ಟ್ ಅಂತ ಹೇಳಿ, ಬೇಗ ಮಲಗೋಕೆ ಕಳಿಸಿ.